ಐದು ಹಣತೆ ಕೇಳಿದೆ, ಆರು ಬಂತು

ನನ್ನ ಅಕ್ಕ ಸರ್ಕಾರಿ ಶಾಲೆಯಲ್ಲಿ ನಲಿಕಲಿ ಮಕ್ಕಳಿಗೆ ಪಾಠ ಮಾಡುತ್ತಾಳೆ. ಕಳೆದ ದೀಪಾವಳಿ ರಜೆ ಮುಗಿಯುವ ಹೊತ್ತಿಗೆ ಅವಳಿಗೆ ಎಣಿಕೆ ಕಾರ್ಡುಗಳು ಬೇಕಾಗಿದ್ದವು. ಒಂದು ಕಾರ್ಡಿನಲ್ಲಿ ಮೂರು ಜನ, ಇನ್ನೊಂದರಲ್ಲಿ ಐದು ಹಣತೆ, ಹೀಗೆ ಒಂದರಿಂದ ಒಂಬತ್ತರವರೆಗೆ. "ನೀನು ಆ ಎಐ ಚಿತ್ರ ಗಿತ್ರ ಮಾಡ್ತಿರ್ತೀಯಲ್ಲ, ಮಾಡಿಕೊಡು" ಅಂದಳು. ಅರ್ಧ ಗಂಟೆ ಕೆಲಸ ಅಂದುಕೊಂಡೆ. ಮಾಡಿ, ನೋಡಿ, ಪ್ರಿಂಟ್ ಹಾಕಿಸಿ, ಲ್ಯಾಮಿನೇಶನ್ನೂ ಮಾಡಿಸಿ ಕಳಿಸಿದೆ.

ಎರಡು ದಿನ ಬಿಟ್ಟು ಅಕ್ಕನ ಫೋನ್. ಐದರ ಕಾರ್ಡನ್ನು ಒಬ್ಬ ಹುಡುಗನ ಕೈಗೆ ಕೊಟ್ಟಿದ್ದಾಳೆ. ಅವನು ಬೆರಳಿಟ್ಟು ಎಣಿಸಿ "ಆರು ಮಿಸ್" ಅಂದಿದ್ದಾನೆ. ಇವಳು ಸರಿಯಾಗಿ ಎಣಿಸು ಅಂದಿದ್ದಾಳೆ. ಅವನು ಮತ್ತೆ ಎಣಿಸಿ ಮತ್ತೆ ಆರೇ ಅಂದಿದ್ದಾನೆ. ಕೊನೆಗೆ ಇವಳೇ ಬಗ್ಗಿ ನೋಡಿದರೆ ಕಂಬದ ಹಿಂದೆ ಅರ್ಧ ಮರೆಯಾಗಿ ಇನ್ನೊಂದು ಹಣತೆ, ಅದರ ಕುಡಿಯೂ ಉರಿಯುತ್ತಿದೆ. ಎಣಿಕೆ ಕಲಿಸುವ ಕಾರ್ಡಿನಲ್ಲೇ ಎಣಿಕೆ ತಪ್ಪು!

ನನಗೆ ಕಾಣಲಿಲ್ಲವಲ್ಲ ಅನ್ನೋದು ಮೊದಲ ಬೇಜಾರು. ಇದಕ್ಕೊಂದು ಕಾರಣ ಇದೆ. ಮನುಷ್ಯರಿಗೆ ಮೂರು ಅಥವಾ ನಾಲ್ಕು ವಸ್ತುವಿನವರೆಗೆ ಎಣಿಸದೇ, ಒಂದೇ ನೋಟಕ್ಕೆ ಎಷ್ಟಿದೆ ಅಂತ ಗೊತ್ತಾಗುತ್ತದೆ. ಮನಶ್ಶಾಸ್ತ್ರದವರು 1949ರಲ್ಲೇ ಇದಕ್ಕೆ ಒಂದು ಹೆಸರನ್ನೂ ಇಟ್ಟಿದ್ದಾರೆ. ಅದಕ್ಕಿಂತ ಜಾಸ್ತಿಯಾದರೆ ನಾವು ಎಣಿಸಬೇಕು, ಇಲ್ಲ ಅಂದಾಜು ಮಾಡಬೇಕು. ಐದು ಬೇಕು ಅಂತ ಕೇಳಿದವನಿಗೆ ಆರೂ ಐದರ ಹಾಗೇ ಕಾಣುತ್ತದೆ. ಆ ಹುಡುಗನಿಗೆ ಈ ತೊಂದರೆ ಇರಲಿಲ್ಲ, ಅವನು ಬೆರಳಿಟ್ಟು ಎಣಿಸಿದ.

ಹೋಗಲಿ, ಕಾರ್ಡು ವಾಪಸ್ ಬಂತು. ಆವತ್ತಿಂದ ಸುಮಾರು ಎರಡು ವಾರ ಸಂಜೆಯೆಲ್ಲ ಇದೇ ಕೆಲಸ. ಬರೆದದ್ದನ್ನು ಓದಿ ಚಿತ್ರ ಬಿಡಿಸುವ, ಮನೆಯ ಕಂಪ್ಯೂಟರಿನಲ್ಲೇ ಓಡುವ ಒಂದು ಎಐ ಮಾಡೆಲ್ ಇಟ್ಟುಕೊಂಡಿದ್ದೇನೆ. ಏನು ಬಿಡಿಸಬೇಕು ಅಂತ ಅದಕ್ಕೆ ಹೇಳುವ ಬರಹವೇ ಪ್ರಾಂಪ್ಟ್. ಮೊದಲು ಬರೆದಿದ್ದ ಪ್ರಾಂಪ್ಟ್ ಇದು:

```
exactly five clay diyas on temple steps, Diwali night
```

ಅದನ್ನೇ ಮತ್ತೆ ಹಾಕಿ ಹತ್ತು ಚಿತ್ರ ತೆಗೆದೆ. ಈ ಸಲ ಬೆರಳಿಟ್ಟು ಎಣಿಸಿದೆ. ಏಳು, ಒಂಬತ್ತು, ಆರು, ಮತ್ತೆ ಒಂಬತ್ತು, ಒಂದರಲ್ಲಂತೂ ಮೆಟ್ಟಿಲ ತುದಿವರೆಗೂ ಸಾಲು. ಐದು ಬಂದಿದ್ದು ಒಂದರಲ್ಲೋ ಎರಡರಲ್ಲೋ, ಅದೂ ಅದೃಷ್ಟಕ್ಕೆ.

ಸರಿ, ಯಾಕೆ ಹೀಗೆ? ನನಗೆ ಅರ್ಥವಾದಷ್ಟು ಹೇಳುತ್ತೇನೆ, ಏಕೆಂದರೆ ಆಮೇಲೆ ಮಾಡಿದ ರಿಪೇರಿಯೆಲ್ಲ ಇದರ ಮೇಲೇ ನಿಂತಿದೆ.

ಮೊದಲನೆಯದು, ಪದ ಓದುವ ಭಾಗ. 2022ರಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್‌ನಂಥ ಮಾಡೆಲ್‌ಗಳಲ್ಲಿ ನಾವು ಬರೆದದ್ದನ್ನು ಓದುವುದು ಕ್ಲಿಪ್ ಎಂಬ ಇನ್ನೊಂದು ಮಾಡೆಲ್. ಅದು ಕಲಿತದ್ದು ಇಂಟರ್ನೆಟ್ಟಿನ ಚಿತ್ರಗಳನ್ನು ಅವುಗಳ ಜೊತೆಗಿದ್ದ ಬರಹಕ್ಕೆ ಜೋಡಿಸುತ್ತಾ. ಈಗ ಯೋಚನೆ ಮಾಡಿ, ದೀಪಾವಳಿ ಫೋಟೋ ಹಾಕುವವರು ಯಾರಾದರೂ "ಹದಿಮೂರು ಹಣತೆಗಳು" ಅಂತ ಬರೆಯುತ್ತಾರಾ? "ದೀಪಾವಳಿ ಶುಭಾಶಯಗಳು" ಅಂತ ಬರೆಯುತ್ತಾರೆ, ಅಷ್ಟೇ. ಸಂಖ್ಯೆ ಬರೆದಿದ್ದರೂ ಅದು ಚಿತ್ರದಲ್ಲಿರುವ ವಸ್ತುವಿನ ಲೆಕ್ಕ ಅಂತೇನಿಲ್ಲ. ಐದು ಸಾವಿರ ರೂಪಾಯಿಯ ಸೀರೆಯ ಫೋಟೋದಲ್ಲೂ ಐದು ಇರುತ್ತದೆ, ಐದನೇ ಹುಟ್ಟುಹಬ್ಬದ ಫೋಟೋದಲ್ಲೂ ಐದು ಇರುತ್ತದೆ. ಹಣತೆ, ರಾತ್ರಿ, ಮೆಟ್ಟಿಲು ಅನ್ನುವುದನ್ನು ಕಂಡುಹಿಡಿದರೆ ಚಿತ್ರಕ್ಕೆ ಸರಿಯಾದ ಬರಹ ಜೋಡಿಸಲು ಸಾಕಾಗಿತ್ತು, ಎಷ್ಟಿದೆ ಅಂತ ನೋಡುವ ಅಗತ್ಯವೇ ಅದಕ್ಕೆ ಬಿದ್ದಿರಲಿಲ್ಲ. ಇದು ನನ್ನ ಊಹೆ ಮಾತ್ರ ಅಲ್ಲ. 2023ರಲ್ಲಿ ಗೂಗಲ್ ಸಂಶೋಧಕರು ಕ್ಲಿಪ್‌ಗೆ ಹತ್ತರವರೆಗೆ ಎಣಿಸುವುದನ್ನು ಬೇರೆಯಾಗಿಯೇ ಕಲಿಸಬೇಕಾಯಿತು. ಬರಹದ ಸಂಖ್ಯೆಯೂ ಚಿತ್ರದ ವಸ್ತುಗಳ ಲೆಕ್ಕವೂ ನಿಜವಾಗಿ ತಾಳೆಯಾಗುವ ಚಿತ್ರಗಳನ್ನು ಆರಿಸಿಕೊಂಡು, ಅದೇ ಬರಹದಲ್ಲಿ ಸಂಖ್ಯೆಯನ್ನು ಮಾತ್ರ ಬದಲಿಸಿ, ಯಾವುದು ಸರಿ ಅಂತ ಆರಿಸಲು ಕಲಿಸಿದರು. ಅಂದರೆ ಸಂಖ್ಯೆ ಬಿಟ್ಟು ಬೇರೆ ಯಾವ ಸುಳಿವೂ ಸಿಗದ ಹಾಗೆ ಮಾಡಿದಾಗ ಅದು ಸಂಖ್ಯೆಯನ್ನು ನೋಡಲು ಶುರುಮಾಡಿತು. ನಮ್ಮ ಮೇಷ್ಟ್ರುಗಳಿಗೂ ಈ ಉಪಾಯ ಗೊತ್ತು, ಅಲ್ವಾ?

ಎರಡನೆಯದು, ಬಿಡಿಸುವ ಭಾಗ. ನಾವು ಬಿಡಿಸುವಾಗ ಒಂದು ಹಣತೆ ಬಿಡಿಸುತ್ತೇವೆ, ಆಮೇಲೆ ಇನ್ನೊಂದು, ಐದಾದ ಮೇಲೆ ಪೆನ್ಸಿಲ್ ಕೆಳಗಿಡುತ್ತೇವೆ. ಈ ಮಾಡೆಲ್ ಹಾಗಲ್ಲ. ಹಳೇ ಟಿವಿಯಲ್ಲಿ ಸಿಗ್ನಲ್ ಹೋದಾಗ ಬರುತ್ತಿದ್ದ ಚುಕ್ಕಿಗಳ ಹಾಗಿರುವ ಒಂದು ಹಾಳೆಯಿಂದ ಅದು ಶುರುಮಾಡುತ್ತದೆ. ಹಂತಹಂತವಾಗಿ ಇಡೀ ಹಾಳೆಯನ್ನು ಒಟ್ಟಿಗೇ ತಿಳಿ ಮಾಡುತ್ತಾ ಹೋಗುತ್ತದೆ. ಎಡಮೂಲೆಯಲ್ಲಿ ಹಣತೆ ಮೂಡುವಾಗಲೇ ಬಲಮೂಲೆಯಲ್ಲೂ ಮೂಡುತ್ತಿರುತ್ತದೆ. "ಮೂರಾಯಿತು, ಇನ್ನೆರಡು ಬಾಕಿ" ಅಂತ ಲೆಕ್ಕ ಇಡುವ ಜಾಗವೇ ಅದರಲ್ಲಿಲ್ಲ. ಎಲ್ಲೆಲ್ಲಿ ಉಬ್ಬು, ಎಲ್ಲೆಲ್ಲಿ ಬೆಳಕು ಅನ್ನೋದು ಮೊದಲ ಕೆಲವು ಹಂತಗಳಲ್ಲೇ ನಿಂತುಬಿಡುತ್ತದೆ. ಉಳಿದ ಹಂತಗಳಲ್ಲಿ ಮಣ್ಣಿನ ಬಣ್ಣ, ಎಣ್ಣೆಯ ಹೊಳಪು, ಕುಡಿಯ ಆಕಾರ ಇಂಥದ್ದೇ ಕೆಲಸ.

ಇದರಿಂದ ನನಗೊಂದು ಉಪಯೋಗವಂತೂ ಆಯಿತು. ನನ್ನ ತಂತ್ರಾಂಶದಲ್ಲಿ ಚಿತ್ರ ಮೂಡುವಾಗಲೇ ಮಸುಕಾಗಿ ಕಾಣುವ ವ್ಯವಸ್ಥೆ ಇದೆ. ಮೂವತ್ತು ಹಂತ ಇಟ್ಟಿದ್ದರೆ ಹತ್ತನೇ ಹಂತಕ್ಕೆಲ್ಲ ಎಷ್ಟು ಬೆಳಕಿನ ಬೊಟ್ಟು ಇವೆ ಅಂತ ಎಣಿಸಬಹುದು. ಆರು ಕಂಡರೆ ಅಲ್ಲೇ ನಿಲ್ಲಿಸುತ್ತೇನೆ, ಮುಂದೆ ಕಾದರೆ ಅದು ಐದಾಗುವುದಿಲ್ಲ.

ಈಗ ಪ್ರಾಂಪ್ಟಿಗೆ ಬರೋಣ. ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ, ಜೋರು ಮಾಡಿದೆ. `exactly` ಹಾಕಿದ್ದೆ, ಸಾಲದು ಅಂತ `5` ಅಂತ ಅಂಕಿಯಲ್ಲೂ ಬರೆದೆ, `only five, no more than five` ಅಂದೆ. ಏನೂ ಪ್ರಯೋಜನ ಆಗಲಿಲ್ಲ. ಸಂಖ್ಯೆಯೇ ಸರಿಯಾಗಿ ತಿಳಿಯದವನಿಗೆ "ಕರೆಕ್ಟಾಗಿ" ಅಂತ ಒತ್ತಿ ಹೇಳಿದರೆ ಏನಾದೀತು! `no` ಅಂತೂ ಇನ್ನೂ ತಾಪತ್ರಯ. `no other lamps` ಅಂದರೆ ಅದಕ್ಕೆ ಕೇಳಿಸುವುದು ಮುಖ್ಯವಾಗಿ ದೀಪ ಅನ್ನೋದೇ. ಬೇಡದ್ದನ್ನು ಬರೆಯಲು ಇಂಥ ತಂತ್ರಾಂಶಗಳಲ್ಲಿ ಬೇರೆ ಪೆಟ್ಟಿಗೆ ಇರುತ್ತದೆ, ನೆಗೆಟಿವ್ ಪ್ರಾಂಪ್ಟ್ ಅಂತ. ಅಲ್ಲಿ `crowd`, `background people` ಅಂತ ಬರೆದರೆ ಸ್ವಲ್ಪ ಕೆಲಸ ಮಾಡುತ್ತದೆ. ಮುಖ್ಯ ಪೆಟ್ಟಿಗೆಯಲ್ಲಿ ಬೇಡ ಅನ್ನುವುದರ ಬದಲು ಆ ಜಾಗದಲ್ಲಿ ಏನಿರಬೇಕು ಅಂತ ಹೇಳುವುದೇ ವಾಸಿ. ಅಂದರೆ "ಬೇರೆ ದೀಪ ಬೇಡ" ಅನ್ನದೇ "ಸುತ್ತ ಖಾಲಿ ನೆಲ" ಅನ್ನಬೇಕು.

ಆಮೇಲೆ ಹೊಳೆದದ್ದು, ತಪ್ಪು ಸಂಖ್ಯೆಯಲ್ಲಿ ಮಾತ್ರ ಇಲ್ಲ, ಉಳಿದ ಪದಗಳಲ್ಲೂ ಇದೆ ಅಂತ. `Diwali night` ಅಂದಮೇಲೆ ಅದು ನೋಡಿರುವ ದೀಪಾವಳಿ ಫೋಟೋಗಳೆಲ್ಲ ಬೆನ್ನಿಗೆ ಬರುತ್ತವೆ, ಅವುಗಳಲ್ಲಿ ಹಣತೆ ಸಾಲುಸಾಲು. `temple steps` ಅಂದರೆ ಪ್ರತಿ ಮೆಟ್ಟಿಲಿಗೂ ಒಂದೊಂದು ಇಡಬೇಕು ಅನ್ನಿಸುತ್ತದೆ ಅದಕ್ಕೆ. ನಾನು ಒಂದು ಪದದಲ್ಲಿ ಐದು ಅಂದು ಇನ್ನು ನಾಲ್ಕು ಪದದಲ್ಲಿ ಬೇಕಾದಷ್ಟು ಅಂತ ಹೇಳುತ್ತಿದ್ದೆ. ಹಬ್ಬ ತೆಗೆದೆ, ರಾತ್ರಿ ತೆಗೆದೆ, ಮೆಟ್ಟಿಲು ತೆಗೆದೆ, ಕಂಬವೂ ಹೋಯಿತು:

```
photo from above, plain grey stone floor in daylight,
five clay oil lamps in one straight row,
wide gap between each lamp, one small flame on each lamp,
bare empty floor all around
```

ಇದಕ್ಕೆ ಹತ್ತರಲ್ಲಿ ನಾಲ್ಕೈದು ಸರಿ ಬಂತು. ಇಲ್ಲಿ ಎರಡು ವಿಷಯ ಕೆಲಸ ಮಾಡುತ್ತಿವೆ. ಮೇಲಿಂದ ನೋಡಿದರೆ ಒಂದರ ಹಿಂದೆ ಒಂದು ಅಡಗುವುದಿಲ್ಲ, ಮೊದಲ ಕಾರ್ಡಿನಲ್ಲಿ ಮೋಸವಾಗಿದ್ದೇ ಅಲ್ಲಿ. ಮತ್ತೆ ಮಧ್ಯೆ ಜಾಗ ಬಿಟ್ಟರೆ ಎರಡು ಹಣತೆ ಅಂಟಿಕೊಂಡು ಒಂದೂವರೆ ಆಗುವುದಿಲ್ಲ. "ಒಂದೊಂದಕ್ಕೂ ಒಂದೇ ಕುಡಿ" ಅನ್ನೋದನ್ನು ಸೇರಿಸಿದ್ದಕ್ಕೂ ಕಾರಣವಿದೆ. ನಮ್ಮಲ್ಲಿ ಐದು ಬತ್ತಿಯ ದೀಪವೂ ಇದೆ, ಐದು ದೀಪವೂ ಇದೆ. ಮಗು ಕುಡಿ ಎಣಿಸುತ್ತದೋ ಹಣತೆ ಎಣಿಸುತ್ತದೋ ಯಾರಿಗೆ ಗೊತ್ತು? ಎರಡೂ ಐದೇ ಆಗಿರಬೇಕು.

ಡೈಸಿನ ಐದರ ಹಾಗೆ, ಅಂದರೆ ನಾಲ್ಕು ಮೂಲೆಗೆ ನಾಲ್ಕು ಮಧ್ಯಕ್ಕೊಂದು ಅಂತ ಜೋಡಿಸಿದರೆ ಇನ್ನೂ ಚೆನ್ನಾಗಿರುತ್ತದೆ ಅನ್ನಿಸಿ `arranged like the five on a dice` ಅಂತ ಬರೆದೆ. ನೆಲದ ಮೇಲೆ ಹಣತೆಗಳ ಪಕ್ಕದಲ್ಲಿ ಚಂದದ ಬಿಳಿ ಡೈಸ್ ಬಂದು ಕೂತಿತು! ಹೋಲಿಕೆ ಕೊಟ್ಟರೆ ಹೋಲಿಕೆಯನ್ನೂ ಬಿಡಿಸಿಬಿಡುತ್ತದೆ.

ಇನ್ನೊಂದು ತಪ್ಪು, ಐದು ಹಣತೆ ಸಾಲಾಗಿರಬೇಕಲ್ಲ ಅಂತ ಚಿತ್ರದ ಅಗಲ ಜಾಸ್ತಿ ಮಾಡಿದ್ದು. ತಕ್ಷಣ ಏಳು ಎಂಟಾಯಿತು. ಈ ಮಾಡೆಲ್‌ಗಳು ಒಂದು ಅಳತೆಯ ಚಿತ್ರದ ಮೇಲೆ ಕಲಿತಿರುತ್ತವೆ. ಮೊದಲ ಸ್ಟೇಬಲ್ ಡಿಫ್ಯೂಷನ್ 512ಕ್ಕೆ 512 ಚುಕ್ಕಿ, ಆಮೇಲೆ ಬಂದ ಎಕ್ಸ್‌ಎಲ್ 1024ಕ್ಕೆ 1024ರ ಆಸುಪಾಸು. ಅದಕ್ಕಿಂತ ತುಂಬ ಉದ್ದವೋ ಅಗಲವೋ ಮಾಡಿದರೆ ಹೆಚ್ಚಿನ ಜಾಗ ತುಂಬಲು ಇದ್ದದ್ದನ್ನೇ ಮತ್ತೆ ಮತ್ತೆ ಬಿಡಿಸುತ್ತದೆ. ಹಿಂದೆಲ್ಲ ಉದ್ದ ಚಿತ್ರ ಕೇಳಿದರೆ ಮನುಷ್ಯನಿಗೆ ಎರಡು ತಲೆ ಬರುತ್ತಿದ್ದದ್ದೂ ಇದಕ್ಕೇ. ಹಾಗಾಗಿ ಅದು ಕಲಿತ ಅಳತೆಯಲ್ಲೇ ತೆಗೆದು, ಬೇಕಾದ ಪಟ್ಟಿಯನ್ನು ಆಮೇಲೆ ಕತ್ತರಿಸಿಕೊಳ್ಳುವುದು ಒಳ್ಳೆಯದು.

ಮೂರು ಜನರ ಕಾರ್ಡು ಇದಕ್ಕಿಂತ ಸುಲಭ, ಆದರೆ ಸುಲಭವಾದದ್ದು ಬೇರೆ ದಾರಿಯಿಂದ. ಕನ್ನಡದಲ್ಲಿ ಜನರನ್ನು ಎಣಿಸುವಾಗ ನಾವು ಮೂರು ಮನುಷ್ಯ ಅನ್ನೋದಿಲ್ಲ, ಮೂವರು ಅನ್ನುತ್ತೇವೆ, ಇಲ್ಲ ಮೂರು ಜನ. ಮನೆಯಲ್ಲಂತೂ ಅದನ್ನೂ ಹೇಳುವುದಿಲ್ಲ, "ಅಜ್ಜಿ, ಪುಟ್ಟಿ, ಮಾವ ಬಂದಿದ್ದಾರೆ" ಅಂತ ಹೆಸರು ಹಿಡಿದೇ ಹೇಳುತ್ತೇವೆ. ಅದೇ ಇಲ್ಲಿಗೂ ಬೇಕಾದದ್ದು. `three people sitting on a bench` ಅಂದಾಗ ನಾಲ್ಕು ಬರುತ್ತಿತ್ತು, ಮೂರು ಬಂದರೂ ಬೆನ್ನ ಹಿಂದಿಂದ ಯಾರದ್ದೋ ಒಂದು ಕೈ ಹೆಚ್ಚಾಗಿ ಇಣುಕುತ್ತಿತ್ತು. ಹೀಗೆ ಬದಲಿಸಿದೆ:

```
three people on a bench, plain wall behind them:
on the left an old woman in a green saree,
in the middle a small girl in a yellow frock,
on the right a man in a white shirt
```

ಈಗ ಮೂರು ಅನ್ನುವ ಸಂಖ್ಯೆಯ ಮೇಲೆ ಭಾರ ಇಲ್ಲ. ಎಡಕ್ಕೊಬ್ಬರು, ಮಧ್ಯಕ್ಕೊಬ್ಬರು, ಬಲಕ್ಕೊಬ್ಬರು, ಒಬ್ಬೊಬ್ಬರಿಗೂ ಬೇರೆ ವಯಸ್ಸು ಬೇರೆ ಬಟ್ಟೆ. ಸಂಖ್ಯೆ ತಾನಾಗಿ ಬರುತ್ತದೆ. ಹಣತೆಗಳ ತೊಂದರೆ ಇರುವುದೇ ಇಲ್ಲಿ ನೋಡಿ, ಐದೂ ಒಂದೇ ಥರ, ಗುರುತು ಹಿಡಿಯಲು ಏನೂ ಇಲ್ಲ. ಜನರ ವಿಷಯದಲ್ಲಿ ಬರುವ ತಪ್ಪು ಬೇರೆ, ಬಣ್ಣ ಅದಲುಬದಲಾಗುತ್ತದೆ. ಹುಡುಗಿಗೂ ಹಸಿರು, ಮಾವನಿಗೂ ಹಸಿರು. ಎಣಿಕೆ ಕಾರ್ಡಿಗೆ ಅದು ಪರವಾಗಿಲ್ಲ ಅಂತ ಬಿಟ್ಟೆ. ಪರೀಕ್ಷಿಸುವಾಗ ಮಾತ್ರ ತಲೆ ಎಣಿಸಿ ನಿಲ್ಲಿಸಬಾರದು, ಆಮೇಲೆ ಪಾದ ಎಣಿಸಬೇಕು, ಕೈ ಎಣಿಸಬೇಕು. ಮೂರು ತಲೆಗೆ ಏಳು ಕೈ ಇದ್ದ ಚಿತ್ರ ನನ್ನ ಹತ್ತಿರ ಈಗಲೂ ಇದೆ.

ಕನ್ನಡದಲ್ಲೇ ಪ್ರಾಂಪ್ಟ್ ಬರೆದರೆ ಏನು ಅಂತ ಒಬ್ಬ ಗೆಳೆಯ ಕೇಳಿದ. ಬರೆದು ನೋಡಿದೆ. ಕ್ಲಿಪ್ ಬರಹವನ್ನು ಟೋಕನ್ ಎಂಬ ಚೂರುಗಳಾಗಿ ಒಡೆದು ಓದುತ್ತದೆ, ಒಂದು ಸಲಕ್ಕೆ 77 ಟೋಕನ್ ಮಾತ್ರ, ಅದು ಕಲಿತದ್ದೂ ಹೆಚ್ಚಾಗಿ ಇಂಗ್ಲಿಷ್ ಬರಹ. ಕನ್ನಡ ಅಕ್ಷರಗಳನ್ನು ಬೈಟ್‌ಗಳಾಗಿ ಒಡೆಯುತ್ತದೆ, "ಐದು" ಅನ್ನುವ ಪುಟ್ಟ ಪದವೇ ಒಂಬತ್ತು ಬೈಟ್. ಎರಡು ಸಾಲು ಬರೆಯುವಷ್ಟರಲ್ಲಿ ಜಾಗ ಮುಗಿಯುತ್ತದೆ, ಬರೆದದ್ದೂ ಅದಕ್ಕೆ ತಿಳಿಯುವುದಿಲ್ಲ. ಹೊಸ ಮಾಡೆಲ್‌ಗಳ ಕಥೆ ಬೇರೆ. ಭಾಷಾ ಮಾಡೆಲ್‌ಗಳನ್ನು ಓದಲು ಬಳಸುವಂಥವು, ಇಲ್ಲವೇ ಡಾಲ್-ಇ 3ರ ಹಾಗೆ ಉದ್ದುದ್ದ ವಿವರದ ಬರಹಗಳ ಮೇಲೆ ಕಲಿತಂಥವು, "ಎಡಕ್ಕೆ ಇದು, ಬಲಕ್ಕೆ ಅದು" ಅನ್ನೋದನ್ನು ಎಷ್ಟೋ ಚೆನ್ನಾಗಿ ಪಾಲಿಸುತ್ತವೆ. ಅವಕ್ಕೂ ಏಳು ಎಂಟಕ್ಕೆ ಹೋದಾಗ ತಪ್ಪು ಜಾಸ್ತಿಯಾಗುತ್ತದೆ.

ನನ್ನ ಐದು ಹಣತೆಗೆ ಕೊನೆಗೆ ದಾರಿ ತೋರಿಸಿದ್ದು ಅಮ್ಮನ ರಂಗೋಲಿ. ಅಮ್ಮ ಗೆರೆ ಎಳೆಯುವ ಮೊದಲು ಚುಕ್ಕಿ ಇಡುತ್ತಾಳೆ. ಲೆಕ್ಕವೆಲ್ಲ ಚುಕ್ಕಿಯಲ್ಲೇ ಮುಗಿದಿರುತ್ತದೆ, ಆಮೇಲೆ ಗೆರೆ ಎಷ್ಟೇ ಬಳುಕಲಿ ಎಣಿಕೆ ತಪ್ಪುವುದಿಲ್ಲ. ಮಾಡೆಲ್‌ಗೂ ಹಾಗೇ ಮಾಡಬಹುದಲ್ಲ ಅನ್ನಿಸಿತು. ಖಾಲಿ ಬೂದು ಹಾಳೆಯ ಮೇಲೆ ಮೌಸಿನಿಂದ ಐದು ಕಂದು ಬೊಟ್ಟು ಇಟ್ಟೆ, ಪ್ರತಿ ಬೊಟ್ಟಿನ ತುದಿಗೆ ಒಂದು ಹಳದಿ ಗೀಟು. ಮಗು ಬಿಡಿಸಿದ ಹಾಗೆ ಸೊಟ್ಟಪಟ್ಟ. ಚಿತ್ರದಿಂದ ಚಿತ್ರ ಮಾಡುವ ವ್ಯವಸ್ಥೆಗೆ ಅದನ್ನು ಕೊಟ್ಟು ಅದೇ ಪ್ರಾಂಪ್ಟ್ ಹಾಕಿದೆ. ಅಲ್ಲಿ ಒಂದು ಅಳತೆ ಇರುತ್ತದೆ, ಕೊಟ್ಟ ಚಿತ್ರವನ್ನು ಎಷ್ಟು ಬದಲಿಸಬಹುದು ಅಂತ, ಸೊನ್ನೆಯಿಂದ ಒಂದರವರೆಗೆ. 0.9 ಇಟ್ಟರೆ ನನ್ನ ಬೊಟ್ಟುಗಳನ್ನು ಮರೆತು ಮತ್ತೆ ಅದರದ್ದೇ ದೀಪಾವಳಿ. 0.3 ಇಟ್ಟರೆ ನನ್ನ ಸೊಟ್ಟ ಬೊಟ್ಟುಗಳೇ ಸ್ವಲ್ಪ ನುಣುಪಾಗಿ ವಾಪಸ್. 0.6ರ ಹತ್ತಿರ ಸರಿಹೋಯಿತು. ಒಂದೊಂದು ಬೊಟ್ಟೂ ಒಂದೊಂದು ಹಣತೆ. ಹತ್ತು ತೆಗೆದೆ, ಒಂದನ್ನು ಬಿಟ್ಟು ಎಲ್ಲದರಲ್ಲೂ ಐದು. ಆ ಒಂದರಲ್ಲಿ ಹೊಳೆಯುವ ಕಲ್ಲಿನ ಮೇಲೆ ಒಂದು ಕುಡಿ ಪ್ರತಿಬಿಂಬವಾಗಿ ಕಂಡಿತು, `grey stone floor` ಅನ್ನೋದನ್ನು `rough dry mud floor` ಅಂತ ಮಾಡಿದಮೇಲೆ ಆ ತಾಪತ್ರಯವೂ ಹೋಯಿತು.

ಜನರಿಗೂ ಇದೇ ಉಪಾಯದ ದೊಡ್ಡಣ್ಣ ಇದೆ, 2023ರಲ್ಲಿ ಬಂದ ಕಂಟ್ರೋಲ್‌ನೆಟ್. ಕೈಕಾಲು ತಲೆಗೆ ಗೆರೆ ಎಳೆದ ಕಡ್ಡಿ ಮನುಷ್ಯರನ್ನು ಕೊಟ್ಟರೆ ಅದರ ಮೇಲೇ ಜನರನ್ನು ಬಿಡಿಸುತ್ತದೆ. ಮೂರು ಕಡ್ಡಿ ಮನುಷ್ಯರಿದ್ದರೆ ಮೂರು ಜನ. ನನ್ನ ಹಳೇ ಕಂಪ್ಯೂಟರಿಗೆ ಅದು ಭಾರ, ಎರಡು ಸಲ ಓಡಿಸಿ ಬಿಟ್ಟೆ.

ಈ ಮಧ್ಯೆ ಬೆಳೆದ ಒಂದು ಅಭ್ಯಾಸ ಹೇಳಬೇಕು. ಯಾವುದನ್ನು ಬದಲಿಸಿದರೆ ಏನಾಯಿತು ಅಂತ ತಿಳಿಯಬೇಕಾದರೆ ಸೀಡ್ ಸಂಖ್ಯೆಯನ್ನು ಹಿಡಿದಿಡಬೇಕು. ಶುರುವಿನ ಆ ಚುಕ್ಕಿಗಳ ಹಾಳೆ ಯಾವುದು ಅಂತ ಹೇಳುವ ಸಂಖ್ಯೆ ಅದು. ಅದೇ ಪ್ರಾಂಪ್ಟಿಗೆ ಒಂದು ಸೀಡ್‌ನಲ್ಲಿ ಐದು ಬರುತ್ತದೆ, ಇನ್ನೊಂದರಲ್ಲಿ ಏಳು. ಸೀಡನ್ನು ಅದರ ಪಾಡಿಗೆ ಬಿಟ್ಟು ಒಂದು ಪದ ಬದಲಿಸಿ, ಐದು ಬಂತು ಅಂತ ಕುಣಿದರೆ ಅದು ಪದದಿಂದ ಬಂತೋ ಅದೃಷ್ಟದಿಂದ ಬಂತೋ ಗೊತ್ತಾಗುವುದಿಲ್ಲ. ಮೊದಲ ವಾರ ಪೂರ್ತಿ ನಾನು ಹಾಗೇ ಮೋಸಹೋದೆ. ಆಮೇಲೆ ಅವೇ ಹತ್ತು ಸೀಡ್ ಇಟ್ಟುಕೊಂಡು, ಒಂದು ಸಲಕ್ಕೆ ಒಂದೇ ಪದ ಬದಲಿಸಿ, ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಾ ಬಂದೆ. `exactly` ಕೆಲಸಕ್ಕೆ ಬಾರದ್ದು ಅಂತ ಗೊತ್ತಾಗಿದ್ದು ಆ ಗೀಟುಗಳಿಂದಲೇ, ಅದು ಇದ್ದರೂ ಇಲ್ಲದಿದ್ದರೂ ಗೀಟು ಅಷ್ಟೇ.

ಎಂಟು ಮತ್ತು ಒಂಬತ್ತರ ಕಾರ್ಡಿಗೆ ನಾನು ಮಾಡೆಲ್ ಜೊತೆ ಗುದ್ದಾಡಲಿಲ್ಲ. ಒಂದೇ ಒಂದು ಮಾವಿನಕಾಯಿ ಬಿಡಿಸಿಕೊಂಡೆ, ಹಿನ್ನೆಲೆ ತೆಗೆದು ಒಂದರಲ್ಲಿ ಎಂಟು ಸಲ, ಇನ್ನೊಂದರಲ್ಲಿ ಒಂಬತ್ತು ಸಲ ಅಂಟಿಸಿದೆ, ಒಂದೆರಡನ್ನು ಸ್ವಲ್ಪ ತಿರುಗಿಸಿದೆ. ಹತ್ತು ನಿಮಿಷದ ಕೆಲಸ. "ಇದನ್ನ ಮೊದಲೇ ಮಾಡಬಹುದಿತ್ತಲ್ಲೋ" ಅಂದಳು ಅಕ್ಕ. ಮಾಡಬಹುದಿತ್ತು.

ಹೊಸ ಕಾರ್ಡುಗಳನ್ನು ಕಳಿಸುವ ಮೊದಲು ಒಂದೊಂದರ ಮೇಲೂ ಪೆನ್ನಿನ ಬೊಟ್ಟಿಟ್ಟು ಎಣಿಸಿದೆ, ನಮ್ಮ ಮನೆಯವಳ ಕೈಯಲ್ಲೂ ಎಣಿಕೆ ಮಾಡಿಸಿದೆ. ಅವಳಿಗೆ ಎಷ್ಟಿರಬೇಕು ಅಂತ ಹೇಳಿರಲಿಲ್ಲ, ಎಷ್ಟಿದೆ ಅಂತ ಮಾತ್ರ ಕೇಳಿದೆ. ಎಲ್ಲ ಸರಿ ಇತ್ತು. ಮೂರು ಜನರ ಕಾರ್ಡಿನಲ್ಲಿ ತಲೆ ಮೂರು, ಪಾದ ಆರು, ಕೈ ಆರು.

ಮುಂದಿನ ವಾರ ಅಕ್ಕನ ಮೆಸೇಜ್ ಬಂತು. ಅದೇ ಹುಡುಗ. ಮೂರರ ಕಾರ್ಡಿಗೆ ನಾಲ್ಕು ಅಂದಿದ್ದಾನೆ. ಚಿತ್ರ ದೊಡ್ಡದು ಮಾಡಿ ನೋಡಿದೆ. ಬೆಂಚಿನ ಹಿಂದಿನ ಗೋಡೆ ಖಾಲಿ ಇರಲಿ ಅಂತ ನಾನು ಕೇಳಿದ್ದೆ, ಅಲ್ಲಿ ಒಂದು ಫೋಟೋ ಫ್ರೇಮ್ ನೇತುಹಾಕಿದೆ, ಅದರೊಳಗೆ ಪೇಟ ಕಟ್ಟಿದ ಒಬ್ಬ ಅಜ್ಜ. ಫೋಟೋದಲ್ಲಿರೋದು ಲೆಕ್ಕಕ್ಕಿಲ್ಲ ಕಣೋ ಅಂತ ಅಕ್ಕ ಹೇಳಿ ನೋಡಿದ್ದಾಳೆ. "ಅವರೂ ಮನೆಯವರೇ ಅಲ್ವಾ ಮಿಸ್" ಅಂದನಂತೆ.